ಅತಿಥಿಗೆ ನೆನಪಿನ ಕಾಣಿಕೆ: ಆರಿಸುವುದು, ಬರೆಸುವುದು, ಮನೆ ಮುಟ್ಟಿಸುವುದು

ಅಕ್ಟೋಬರ್ ಮುಗಿಯುತ್ತಾ ಬಂದಂತೆ ಕಾಲೇಜಿನ ಕನ್ನಡ ಸಂಘದವರು, ಊರಿನ ಯುವಕ ಸಂಘದವರು, ಮಹಿಳಾ ಸಮಾಜದವರು ಎಲ್ಲರೂ ಕೇಳುವುದು ಒಂದೇ ಮಾತು: "ಅತಿಥಿಗಳಿಗೆ ಈ ಸಲ ಏನು ಕೊಡೋಣ? ಶೀಲ್ಡ್ ಬಿಟ್ಟು ಬೇರೆ ಏನಾದರೂ ಹೇಳಿ."

ಶೀಲ್ಡ್ ಬಿಡಲೇಬೇಕು ಅಂತೇನೂ ಇಲ್ಲ. ಕೆಲವರಿಗೆ ಅದಕ್ಕಿಂತ ಒಳ್ಳೆಯ ಕಾಣಿಕೆ ಇನ್ನೊಂದಿಲ್ಲ, ಇನ್ನು ಕೆಲವರಿಗೆ ಅದಕ್ಕಿಂತ ದೊಡ್ಡ ಹೊರೆ ಇನ್ನೊಂದಿಲ್ಲ. ಮೂವತ್ತು ವರ್ಷದಿಂದ ವೇದಿಕೆ ಹತ್ತುತ್ತಿರುವ ಪ್ರಾಧ್ಯಾಪಕರ ಮನೆಯ ಬೀರು ಆಗಲೇ ತುಂಬಿರುತ್ತದೆ. ಮೊದಲ ಸಲ ವೇದಿಕೆ ಹತ್ತುವ ಹಳ್ಳಿಯ ಹಾಡುಗಾರ್ತಿಯ ಮನೆಯ ಗೋಡೆ ಖಾಲಿಯಿರುತ್ತದೆ. ಬೀರು ತುಂಬಿದವರಿಗೆ ಬಳಸಿ ಮುಗಿಯುವಂಥದ್ದು ಅಥವಾ ದಿನವೂ ಕೈಗೆ ಬರುವಂಥದ್ದು ಕೊಡಿ. ಗೋಡೆ ಖಾಲಿ ಇದ್ದವರಿಗೆ ಹೆಸರು ದೊಡ್ಡದಾಗಿ ಬರೆದ, ಮೊಳೆಗೆ ತೂಗುಹಾಕುವಂಥದ್ದು ಕೊಡಿ. ಈ ಒಂದು ವ್ಯತ್ಯಾಸ ಗಮನಿಸಿದರೆ ಅರ್ಧ ಕೆಲಸ ಮುಗಿದ ಹಾಗೆ. ಉಳಿದರ್ಧ, ಅಂದರೆ ತೂಕ, ಬರಹ, ಅಂಗಡಿಯವರ ಜೊತೆಗಿನ ವ್ಯವಹಾರ ಇವನ್ನು ಹಂತ ಹಂತವಾಗಿ ನೋಡೋಣ.

ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹಾಸನದ ಒಂದು ಖಾಸಗಿ ಪದವಿ ಕಾಲೇಜಿನ ಕನ್ನಡ ಸಂಘದ ವಾರ್ಷಿಕೋತ್ಸವ. ಶಾಸನಗಳ ಬಗ್ಗೆ ಉಪನ್ಯಾಸ ಕೊಡಲು ಧಾರವಾಡದಿಂದ ನಿವೃತ್ತ ಪ್ರಾಧ್ಯಾಪಕರೊಬ್ಬರು ಬರುತ್ತಾರೆ. ಹಳೇಬೀಡಿನ ಹತ್ತಿರದ ಹಳ್ಳಿಯಿಂದ ಸೋಬಾನೆ ಪದ ಹಾಡುವ ಅಜ್ಜಿಯೊಬ್ಬರಿಗೆ ಸನ್ಮಾನ. ಮುಖ್ಯ ಅತಿಥಿಯಾಗಿ ತಹಶೀಲ್ದಾರರು. ಕಾಣಿಕೆಗೆ ಸಂಘ ತೆಗೆದಿಟ್ಟ ಹಣ 4,000 ರೂಪಾಯಿ.

1. ಮೂರು ವಾರ ಮೊದಲು: ಮೂರು ಸಂಗತಿ ತಿಳಿದುಕೊಳ್ಳಿ

ಆಹ್ವಾನ ಖಚಿತಪಡಿಸಲು ಫೋನ್ ಮಾಡುತ್ತೀರಲ್ಲ, ಅದೇ ಮಾತಿನಲ್ಲಿ ಈ ಮೂರನ್ನೂ ಕೇಳಿ ಬರೆದಿಟ್ಟುಕೊಳ್ಳಿ.

ಮೊದಲನೆಯದು, ವಾಪಸ್ ಹೇಗೆ ಹೋಗುತ್ತಾರೆ. "ಸರ್, ಕಾರ್ಯಕ್ರಮ ಮುಗಿದ ಮೇಲೆ ಎಲ್ಲಿಗೆ ಬಿಡಬೇಕು?" ಎಂದು ಕೇಳಿದರೆ ಸಾಕು, ಉತ್ತರ ತಾನಾಗಿ ಬರುತ್ತದೆ. ನಮ್ಮ ಪ್ರಾಧ್ಯಾಪಕರು ಅರಸೀಕೆರೆಗೆ ಹೋಗಿ ರಾತ್ರಿ ರೈಲು ಹತ್ತುವವರು. ಕೈಯಲ್ಲಿ ಒಂದು ಬಟ್ಟೆಯ ಬ್ಯಾಗು, ಹೆಗಲಿಗೆ ಒಂದು ಚೀಲ. ಅವರಿಗೆ ಎರಡು ಅಡಿ ಎತ್ತರದ ಗಾಜಿನ ಪೆಟ್ಟಿಗೆ ಕೊಟ್ಟರೆ ಅದನ್ನು ಮಡಿಲಲ್ಲಿಟ್ಟುಕೊಂಡು ರಾತ್ರಿಯಿಡೀ ಕೂರಬೇಕಾಗುತ್ತದೆ. ರೈಲು ಬಸ್ಸುಗಳಲ್ಲಿ ಹೋಗುವವರಿಗೆ ಒಂದು ಕಿಲೋ ಮೀರದ, ಒಂದು ದೊಡ್ಡ ಪುಸ್ತಕದ ಗಾತ್ರ ಮೀರದ ವಸ್ತು ಎಂದು ಮಿತಿ ಹಾಕಿಕೊಳ್ಳಿ. ಬೆಂಗಳೂರಿನಿಂದ ವಿಮಾನ ಹತ್ತುವವರಿಗೂ ಇದೇ ಮಿತಿ ಒಳ್ಳೆಯದು. ದೇಶದೊಳಗಿನ ವಿಮಾನಗಳಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ 7 ಕಿಲೋ ಮಾತ್ರ. ಸ್ವಂತ ಕಾರಿನಲ್ಲಿ ಬರುವವರಿಗೆ ಮಾತ್ರ ತೂಕದ ಚಿಂತೆ ಬೇಡ.

ಎರಡನೆಯದು, ಹೆಸರನ್ನು ಅವರೇ ಹೇಗೆ ಬರೆಯುತ್ತಾರೆ. ಇದನ್ನು ಫೋನಿನಲ್ಲಿ ಕೇಳಿ ಬರೆದುಕೊಳ್ಳಬೇಡಿ. ಕಿವಿಗೆ ಶ ಮತ್ತು ಷ ಒಂದೇ, ಹಲವರ ಬಾಯಲ್ಲಿ ಧ ಮತ್ತು ದ ಕೂಡ ಒಂದೇ. ಪುಸ್ತಕ ಬರೆದವರಾದರೆ ಮುಖಪುಟ ನೋಡಿ. ಇಲ್ಲವಾದರೆ ಹೆಸರು, ಪದವಿ, ಹುದ್ದೆ ಮೂರನ್ನೂ ಕನ್ನಡದಲ್ಲಿ ಬರೆದು ವಾಟ್ಸಾಪ್ ಮಾಡಲು ಕೇಳಿ. ಮೊದಲಕ್ಷರಗಳು ಮುಂದೆ ಬರುತ್ತವೋ ಹಿಂದೆಯೋ, ನಡುವೆ ಚುಕ್ಕಿ ಇದೆಯೋ ಇಲ್ಲವೋ, ಎಲ್ಲವೂ ಅವರು ಬರೆದಂತೆಯೇ ಇರಲಿ.

ಮೂರನೆಯದು, ಅವರಿಗೆ ಇಂಥವು ಎಷ್ಟು ಬಂದಿವೆ. ಇದನ್ನು ಅವರನ್ನೇ ಕೇಳುವಂತಿಲ್ಲ. ಅವರ ಶಿಷ್ಯರನ್ನೋ, ಹಿಂದೆ ಅವರನ್ನು ಕರೆಸಿದ್ದ ಸಂಘದವರನ್ನೋ ಕೇಳಿ. "ಕಾಫಿ ಕುಡಿತಾರಾ?" ಎಂದೂ ಅಲ್ಲೇ ಕೇಳಿಬಿಡಿ. ಯಾಕೆಂದು ಮೂರನೇ ಹಂತದಲ್ಲಿ ಗೊತ್ತಾಗುತ್ತದೆ.

2. ಕೊಡಬಹುದೋ ಇಲ್ಲವೋ ಖಚಿತಪಡಿಸಿಕೊಳ್ಳಿ

ನಿಮ್ಮದು ಸರ್ಕಾರಿ ಕಾಲೇಜು ಅಥವಾ ಸರ್ಕಾರಿ ಸಂಸ್ಥೆಯಾದರೆ ಅಂಗಡಿಗೆ ಹೋಗುವ ಮೊದಲು ಪ್ರಾಂಶುಪಾಲರ ಬಳಿ ಮಾತಾಡಿ. 2021ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ತನ್ನ ಕಾರ್ಯಕ್ರಮಗಳಲ್ಲಿ ಹೂಗುಚ್ಛ, ಹಾರ, ಶಾಲು, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆಗಳು ಬೇಡ, ಕೊಡುವುದಾದರೆ ಕನ್ನಡ ಪುಸ್ತಕ ಕೊಡಿ ಎಂದು ಸುತ್ತೋಲೆ ಹೊರಡಿಸಿತು. ಹೀಗಾಗಿ ಅಲ್ಲಿ ಶೀಲ್ಡಿನ ಬಿಲ್ಲು ಲೆಕ್ಕಪತ್ರಕ್ಕೆ ಬಂದಾಗ ಆಕ್ಷೇಪ ಏಳಬಹುದು, ಕೊನೆಗೆ ಅಧ್ಯಾಪಕರೇ ಕೈಯಿಂದ ಹಣ ಹಾಕಬೇಕಾಗಬಹುದು.

ಖಾಸಗಿ ಕಾಲೇಜು, ಸಂಘಗಳಿಗೆ ಈ ಕಟ್ಟು ಇಲ್ಲ. ಆದರೆ ಅತಿಥಿ ಸರ್ಕಾರಿ ಅಧಿಕಾರಿಯಾದರೆ ಬೆಲೆಬಾಳುವ ಉಡುಗೊರೆ ಪಡೆಯಲು ಅವರಿಗೆ ಸೇವಾ ನಡತೆಯ ನಿಯಮಗಳು ಅಡ್ಡಬರುತ್ತವೆ. ನ್ಯಾಯಾಧೀಶರು ಹಲವು ಸಲ ಏನನ್ನೂ ಮುಟ್ಟುವುದಿಲ್ಲ. ವೇದಿಕೆಯ ಮೇಲೆ ಅವರು ಕೈ ಹಿಂದೆಗೆದರೆ ಕೊಡುವವರಿಗೂ ಮುಜುಗರ, ಅವರಿಗೂ ಮುಜುಗರ. ಅವರ ಆಪ್ತ ಸಹಾಯಕರಿಗೆ ಮೊದಲೇ ಫೋನ್ ಮಾಡಿ "ಒಂದು ಪುಸ್ತಕ ಕೊಡಬೇಕೆಂದಿದ್ದೇವೆ, ಆಗಬಹುದೇ?" ಎಂದು ಕೇಳಿ. ನಮ್ಮ ಉದಾಹರಣೆಯಲ್ಲಿ ತಹಶೀಲ್ದಾರರಿಗೆ ಒಂದು ಕನ್ನಡ ಪುಸ್ತಕ, 500 ರೂಪಾಯಿಯ ಒಳಗೆ. ಅಲ್ಲಿಗೆ ಆ ವಿಷಯ ಮುಗಿಯಿತು.

3. ಎರಡು ವಾರ ಮೊದಲು: ವಸ್ತು ಆರಿಸಿ

ಹಾಸನ, ಚಿಕ್ಕಮಗಳೂರಿನವರಿಗೆ ಒಂದು ಅನುಕೂಲ ಇದೆ. ಕಲ್ಲು ಮತ್ತು ಕಾಫಿ ಎರಡೂ ಇಲ್ಲಿನವೇ. ಹೊರಗಿನಿಂದ ಬಂದವರಿಗೆ ಇವೆರಡರಲ್ಲಿ ಒಂದನ್ನು ಕೊಟ್ಟರೆ ಅದು ಯಾವ ಊರಿನ ಕಾಣಿಕೆ ಎಂದು ಹೇಳಬೇಕಾಗಿಯೇ ಇಲ್ಲ. ಆದರೆ ಎಡವುವುದೂ ಇವೆರಡರಲ್ಲೇ.

*ಕಲ್ಲು.* ಹೊಯ್ಸಳರ ದೇವಾಲಯಗಳಿಗೆ ಬಳಸಿದ ಮೆದು ಕಲ್ಲಿನ ಜಾತಿಯದನ್ನೇ ನಾವು ಬಳಪದ ಕಲ್ಲು ಎನ್ನುತ್ತೇವೆ. ಬೇಲೂರು, ಹಳೇಬೀಡಿನ ಅಂಗಡಿಗಳಲ್ಲಿ ಇದರ ಕೆತ್ತನೆಗಳ ಪಕ್ಕದಲ್ಲೇ ಅಚ್ಚಿನಲ್ಲಿ ಹೊಯ್ದ ಫೈಬರ್ ಗೊಂಬೆಗಳೂ ಅದೇ ಬಣ್ಣ ಬಳಿದುಕೊಂಡು ಕೂತಿರುತ್ತವೆ. ಗುರುತಿಸುವುದು ಕಷ್ಟವಲ್ಲ. ಕೈಗೆ ತೆಗೆದುಕೊಂಡರೆ ಕಲ್ಲು ತಣ್ಣಗಿರುತ್ತದೆ, ಗಾತ್ರಕ್ಕೆ ತಕ್ಕ ತೂಕ ಇರುತ್ತದೆ. ಫೈಬರ್ ಹಗುರ, ಮುಟ್ಟಿದರೆ ಬೆಚ್ಚಗೆ. ಪಕ್ಕದಲ್ಲಿ ಮೇಲಿನಿಂದ ಕೆಳಗೆ ಕೂದಲೆಳೆಯಷ್ಟು ಗೆರೆ ಕಂಡರೆ ಅದು ಅಚ್ಚಿನ ಎರಡು ಭಾಗ ಕೂಡಿದ ಜಾಗ. ಅಂಗಡಿಯವರ ಒಪ್ಪಿಗೆ ಪಡೆದು ತಳದಲ್ಲಿ ಮೊಳೆಯಿಂದ ಚೂರು ಗೀರಿ ನೋಡಿ: ಬಳಪದ ಕಲ್ಲಾದರೆ ಬೆಳ್ಳಗಿನ ನಯವಾದ ಪುಡಿ ಬರುತ್ತದೆ. ಫೈಬರ್ ಕೊಡಲೇಬಾರದೆಂದಿಲ್ಲ, ಹಗುರ ಬೇಕಾದಾಗ ಅದೇ ಸರಿ. ಕಲ್ಲಿನ ಬೆಲೆಗೆ ಫೈಬರ್ ತರಬಾರದು ಅಷ್ಟೇ.

ಈ ಕಲ್ಲಿಗೆ ಒಂದು ದೌರ್ಬಲ್ಯ ಇದೆ. ಮೆದುವಾಗಿರುವುದರಿಂದಲೇ ಸೂಕ್ಷ್ಮವಾಗಿ ಕೆತ್ತಲು ಬರುತ್ತದೆ, ಮೆದುವಾಗಿರುವುದರಿಂದಲೇ ತೆಳುವಾದ ಜಾಗದಲ್ಲಿ ಮುರಿಯುತ್ತದೆ. ಮದನಿಕೆಯ ಬೆರಳು, ಕೈಯಲ್ಲಿ ಹಿಡಿದ ಕನ್ನಡಿ, ತಲೆಯ ಮೇಲಿನ ಬಳ್ಳಿಯ ಕಮಾನು, ಇವೇ ಮೊದಲು ಹೋಗುವುದು. ಸಳ ಹುಲಿಯನ್ನು ಇರಿಯುವ ಹೊಯ್ಸಳ ಲಾಂಛನದಲ್ಲಿ ಮುರಿಯುವುದು ಸಳನ ಕತ್ತಿ. ಪ್ರಯಾಣ ಮಾಡುವವರಿಗೆ ಇಂಥ ಚಾಚಿಕೊಂಡ ಭಾಗಗಳಿಲ್ಲದ ಆಕಾರವನ್ನೇ ಆರಿಸಿ. ಹಳೇಬೀಡಿನ ದೇವಾಲಯದ ಗೋಡೆಯ ತಳದ ಪಟ್ಟಿಕೆಯಲ್ಲಿ ಸಾಲಾಗಿ ನಡೆಯುವ ಆನೆಗಳಿವೆಯಲ್ಲ, ಅಂಥ ಒಂದು ಆನೆ ಒಳ್ಳೆಯ ಆಯ್ಕೆ. ಸೊಂಡಿಲು ಕಾಲಿಗೆ ಅಂಟಿಕೊಂಡೇ ಇರುತ್ತದೆ, ಮುರಿಯುವಂಥದ್ದು ಏನೂ ಇಲ್ಲ.

ದೇವರ ವಿಗ್ರಹವನ್ನು ಕಾಣಿಕೆಯಾಗಿ ಕೊಡುವುದಕ್ಕೆ ನಮ್ಮ ಸಲಹೆ ಇಲ್ಲ. ಪಡೆದವರು ಅದನ್ನು ದೇವರ ಮನೆಯಲ್ಲಿಡಬೇಕೋ ಷೋಕೇಸಿನಲ್ಲಿಡಬೇಕೋ ಎಂದು ತೊಳಲುತ್ತಾರೆ. ದಾರಿಯಲ್ಲಿ ಚೂರು ಮುಕ್ಕಾದರೆ ಭಿನ್ನವಾದ ವಿಗ್ರಹ ಎಂದು ಮನಸ್ಸಿಗೆ ಕಿರಿಕಿರಿ. ಬೇರೆ ಮತದ ಅತಿಥಿಯಾದರಂತೂ ಇನ್ನೊಂದು ಸಂಕೋಚ.

ತೂಕವನ್ನು ಅಂಗಡಿಗೆ ಹೋಗುವ ಮೊದಲೇ ಅಂದಾಜು ಮಾಡಬಹುದು. ಉದ್ದ, ಅಗಲ, ದಪ್ಪವನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಬಂದದ್ದನ್ನು 2.7ರಿಂದ ಗುಣಿಸಿದರೆ ಕೆತ್ತುವ ಮೊದಲಿನ ಕಲ್ಲಿನ ತೂಕ ಗ್ರಾಮಿನಲ್ಲಿ ಸಿಗುತ್ತದೆ. 10 ಸೆಂ.ಮೀ. ಉದ್ದ, 6 ಸೆಂ.ಮೀ. ಎತ್ತರ, 3 ಸೆಂ.ಮೀ. ದಪ್ಪದ ಆನೆಗೆ ಇದು 486 ಗ್ರಾಂ. ಕೆತ್ತಿ ತೆಗೆದ ಮೇಲೆ ಇನ್ನೂ ಕಡಿಮೆ. ಅದೇ ಆನೆ ಮೂರೂ ಕಡೆ ಎರಡರಷ್ಟಾದರೆ ತೂಕ ಎಂಟರಷ್ಟಾಗಿ ನಾಲ್ಕು ಕಿಲೋಗೆ ಹತ್ತಿರ ಬರುತ್ತದೆ. "ಸ್ವಲ್ಪ ದೊಡ್ಡದೇ ಇರಲಿ" ಎಂದು ಕೊನೆಗಳಿಗೆಯಲ್ಲಿ ಬದಲಿಸುವವರು ಮರೆಯುವುದು ಇದನ್ನೇ.

ಕನ್ನಡ ಮೇಷ್ಟ್ರು, ಶಾಸನ ವಿದ್ವಾಂಸರು ಎಂದ ಕೂಡಲೇ ಹಲ್ಮಿಡಿ ಶಾಸನದ ಪ್ರತಿಕೃತಿ ನೆನಪಾಗುತ್ತದೆ. ಹಲ್ಮಿಡಿ ನಮ್ಮ ಬೇಲೂರು ತಾಲ್ಲೂಕಿನ ಊರೇ, ಅಭಿಮಾನ ಸಹಜ. ಆದರೂ ಎರಡು ಸಲ ಯೋಚಿಸಿ. ಇಂಥವರಿಗೆ ಆಗಲೇ ನಾಲ್ಕಾರು ಹಲ್ಮಿಡಿ ಪ್ರತಿಕೃತಿಗಳು ಬಂದಿರುತ್ತವೆ. ಅದಕ್ಕಿಂತ ಮುಖ್ಯವಾಗಿ, ಆ ಶಾಸನದಲ್ಲಿ 16 ಸಾಲುಗಳಿವೆ. ಒಂದು ಗೇಣಿನ ಫಲಕದಲ್ಲಿ ಅಷ್ಟನ್ನೂ ಹಿಡಿಸಲು ಹೋದರೆ ಒಂದೊಂದು ಸಾಲಿಗೆ ಒಂದು ಸೆಂಟಿಮೀಟರ್ ಸಿಕ್ಕರೆ ಹೆಚ್ಚು. ಅಚ್ಚು ಹಾಕುವವರು ಅಕ್ಷರದಂತೆ ಕಾಣುವ ಗೀರುಗಳನ್ನು ತುಂಬಿಬಿಡುತ್ತಾರೆ. ಶಾಸನ ಓದುವುದನ್ನೇ ಬದುಕು ಮಾಡಿಕೊಂಡವರ ಕೈಗೆ ಓದಲಾಗದ ಶಾಸನ ಕೊಟ್ಟಂತಾಗುತ್ತದೆ. ಕೊಡುವುದೇ ಆದರೆ ಶಾಸನದ ಸ್ಪಷ್ಟ ಫೋಟೊ ಪಕ್ಕದಲ್ಲಿಟ್ಟು, ಮೊದಲ ಸಾಲಿನ ಅಕ್ಷರಗಳನ್ನು ಒಂದೊಂದಾಗಿ ಹೋಲಿಸಿ ನೋಡಿಯೇ ಕೊಳ್ಳಿ.

*ಕಾಫಿ.* ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರು ಎಲ್ಲವೂ ಇಲ್ಲೇ ಇರುವಾಗ ಕಾಲು ಕಿಲೋ ಒಳ್ಳೆಯ ಪುಡಿಗೆ ಸಾಟಿಯಾದ ಕಾಣಿಕೆ ಕಡಿಮೆ. ಬೀರುವಿನಲ್ಲಿ ಜಾಗ ಕೇಳುವುದಿಲ್ಲ, ಮನೆಮಂದಿಗೆಲ್ಲ ದಕ್ಕುತ್ತದೆ. ಆದರೆ ಕಾರ್ಯಕ್ರಮಕ್ಕೆ ಒಂದು ತಿಂಗಳ ಮೊದಲೇ ತಂದು ಸಂಘದ ಬೀರುವಿನಲ್ಲಿಟ್ಟರೆ ಪರಿಮಳ ಹೋದ ಪುಡಿ ಕೊಟ್ಟಂತಾಗುತ್ತದೆ. ಹುರಿದ ಬೀಜಕ್ಕಿಂತ ಪುಡಿಗೆ ಗಾಳಿ ತಾಗುವುದು ಬಹಳ ಹೆಚ್ಚು, ಹಾಗಾಗಿ ಪುಡಿಯ ಪರಿಮಳ ಬೇಗ ಇಳಿಯುತ್ತದೆ. ಕಾರ್ಯಕ್ರಮದ ವಾರದಲ್ಲೇ ಹುರಿದದ್ದನ್ನು, ಹಿಂದಿನ ದಿನ ಪುಡಿ ಮಾಡಿಸಿ ತನ್ನಿ. ಪ್ಯಾಕೆಟ್ಟಿನ ಮೇಲೆ ಹುರಿದ ದಿನಾಂಕ ಬರೆಸಿ.

ಈಗಷ್ಟೇ ಹುರಿದ ಕಾಫಿ ಕೆಲವು ದಿನ ಇಂಗಾಲದ ಡೈಆಕ್ಸೈಡ್ ಬಿಡುತ್ತಿರುತ್ತದೆ. ಬಿಗಿಯಾಗಿ ಅಂಟಿಸಿದ ಸಾದಾ ಪ್ಲಾಸ್ಟಿಕ್ ಕವರು ಉಬ್ಬಿ ರೈಲಿನಲ್ಲಿ ಒಡೆದರೆ ಬಟ್ಟೆಯೆಲ್ಲ ಪುಡಿ. ವಾಲ್ವ್ ಇರುವ ಪೊಟ್ಟಣ ಕೇಳಿ ಪಡೆಯಿರಿ. ಮುಂಭಾಗದಲ್ಲಿ ಅಂಗಿಯ ಗುಂಡಿಯಷ್ಟು ದೊಡ್ಡ ಬಿಲ್ಲೆ ಇರುತ್ತದೆ, ಒಳಗಿನ ಗಾಳಿ ಹೊರಬರುತ್ತದೆ, ಹೊರಗಿನದು ಒಳಹೋಗುವುದಿಲ್ಲ. ಏಲಕ್ಕಿ, ಮೆಣಸಿನ ಜೊತೆ ಒಂದೇ ಪೆಟ್ಟಿಗೆಯಲ್ಲಿ ಇಡಬೇಡಿ, ಕಾಫಿ ಪಕ್ಕದ ವಾಸನೆ ಹಿಡಿಯುತ್ತದೆ.

ಚಿಕೋರಿ ಬೇಕೋ ಬೇಡವೋ ಎನ್ನುವುದು ರುಚಿಯ ವಿಷಯ, ಆದರೆ ಎಷ್ಟಿದೆ ಎನ್ನುವುದು ಲೇಬಲ್ಲಿನಲ್ಲಿ ಇರಲೇಬೇಕು. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ 51 ಭಾಗ ಇರಬೇಕೆಂಬುದು ನಿಯಮ. ಹಾಗಾಗಿ "ಫಿಲ್ಟರ್ ಕಾಫಿ" ಎಂಬ ಚೆಂದದ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ 49 ಭಾಗ ಚಿಕೋರಿ ಇರಬಹುದು. ಕಾಫಿ ನಾಡಿನವರು ಅದನ್ನು ಕಾಣಿಕೆ ಕೊಡುವುದು ಬೇಡ. ಹಾಗೆಯೇ ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಎಂಬ ಹೆಸರುಗಳಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ಅಂದರೆ ಆ ನೆಲದಲ್ಲಿ ಬೆಳೆದದ್ದಕ್ಕೆ ಮಾತ್ರ ಆ ಹೆಸರು. ಸಕಲೇಶಪುರದ ತೋಟದ ಪುಡಿಗೆ ಸಕಲೇಶಪುರದ ಕಾಫಿ ಎಂದೇ ಬರೆಯಿರಿ, ಅದರಲ್ಲೇನೂ ಕಡಿಮೆಯಿಲ್ಲ.

*ಶೀಲ್ಡ್.* ನಮ್ಮ ಸೋಬಾನೆಯ ಅಜ್ಜಿಗೆ ಇದೇ ಸರಿ. ನಿಲ್ಲಿಸುವಂಥದ್ದಲ್ಲ, ತೂಗುಹಾಕುವಂಥದ್ದು, ಹಳ್ಳಿಯ ಮನೆಯಲ್ಲಿ ಷೋಕೇಸ್ ಇರಲಿಕ್ಕಿಲ್ಲ, ಗೋಡೆಯಂತೂ ಇದ್ದೇ ಇರುತ್ತದೆ. ಹಿಂದೆ ಕೊಂಡಿ ಇದೆಯೋ ನೋಡಿ. ಎಂಡಿಎಫ್, ಅಂದರೆ ಮರದ ಪುಡಿ ಒತ್ತಿ ಮಾಡಿದ ಹಲಗೆ, ಮಲೆನಾಡಿನ ಮಳೆಗಾಲದಲ್ಲಿ ಅಂಚಿನಿಂದ ನೀರು ಕುಡಿದು ಉಬ್ಬುತ್ತದೆ. ತೆಳುವಾದರೂ ನಿಜವಾದ ಮರ ಕೇಳಿ. ಲೋಹದ ತಗಡನ್ನು ಎರಡು ಬದಿ ಅಂಟುವ ಟೇಪಿನಲ್ಲಿ ಅಂಟಿಸಿದ್ದರೆ ಒಂದೆರಡು ಮಳೆಗಾಲದಲ್ಲಿ ಕಳಚಿ ಬೀಳುತ್ತದೆ, ಹೆಸರಿರುವುದು ಆ ತಗಡಿನ ಮೇಲೆಯೇ. ಎರಡು ಸಣ್ಣ ಸ್ಕ್ರೂ ಹಾಕಿಸಿ. ಜೊತೆಗೆ ಒಂದು ಒಳ್ಳೆಯ ಸೀರೆ ಅಥವಾ ಉಣ್ಣೆಯ ಶಾಲು. ವೇದಿಕೆಗೆಂದೇ ಮಾರುವ ಜರಿ ಅಂಚಿನ ತೆಳು ಶಾಲನ್ನು ಯಾರೂ ಹೊದೆಯುವುದಿಲ್ಲ, ಹಾಸನದ ಡಿಸೆಂಬರ್ ಚಳಿಗೆ ಹೊದೆಯಲು ಬರುವಂಥದ್ದನ್ನು ಕೊಡಿ.

ಹಣ್ಣಿನ ಬುಟ್ಟಿ, ಮೈಸೂರು ಪೇಟ, ಕುಂಡದ ಸಸಿ ಇವು ಸ್ಥಳೀಯರಿಗೆ ಸರಿ, ದೂರ ಹೋಗುವವರಿಗೆ ಬೇಡ. ವಿದೇಶಕ್ಕೆ ಮರಳುವ ಅತಿಥಿಯಾದರೆ ಬೀಟೆ, ಶ್ರೀಗಂಧದ ವಸ್ತು, ಬೀಜ, ಸಸಿ ಯಾವುದೂ ಬೇಡ.

ನಮ್ಮ 4,000 ರೂಪಾಯಿಯನ್ನು ಹೀಗೆ ಹಂಚಬಹುದು: ಪ್ರಾಧ್ಯಾಪಕರಿಗೆ ಮೇಜಿನ ಮೇಲೆ ಹಾಳೆ ಹಾರದಂತೆ ಇಡಲು ಬರುವ ಕಲ್ಲಿನ ಆನೆ ಮತ್ತು ಕಾಲು ಕಿಲೋ ಕಾಫಿಗೆ 1,200, ಅಜ್ಜಿಗೆ ಫಲಕ ಮತ್ತು ಶಾಲಿಗೆ 1,500, ತಹಶೀಲ್ದಾರರ ಪುಸ್ತಕಕ್ಕೆ 500, ಹೆಸರು ಬರೆಸದ ಒಂದು ಹೆಚ್ಚುವರಿ ಕಾಫಿ ಪೊಟ್ಟಣಕ್ಕೆ 300, ಪೆಟ್ಟಿಗೆ, ಕಾರ್ಡು, ಓಡಾಟಕ್ಕೆ 500. ಹೆಚ್ಚುವರಿ ಪೊಟ್ಟಣ ಯಾಕೆಂದರೆ, ಕರೆಯದೆಯೂ ಪ್ರೀತಿಯಿಂದ ಬಂದ ಹಳೆಯ ಪ್ರಾಂಶುಪಾಲರನ್ನು ಯಾರೋ ವೇದಿಕೆಗೆ ಕರೆದೇ ಕರೆಯುತ್ತಾರೆ.

4. ಹತ್ತು ದಿನ ಮೊದಲು: ಏನು ಬರೆಸಬೇಕು

ಅಜ್ಜಿಯ ಫಲಕದಲ್ಲಿ ಅವರ ಹೆಸರು ಎಲ್ಲಕ್ಕಿಂತ ದೊಡ್ಡದಾಗಿರಲಿ. ಕಾಲೇಜಿನ ಹೆಸರು, ಲಾಂಛನ ಕೆಳಗೆ, ಚಿಕ್ಕದಾಗಿ. ಬಹುಪಾಲು ಶೀಲ್ಡುಗಳಲ್ಲಿ ಇದು ತಲೆಕೆಳಗಾಗಿರುತ್ತದೆ: ಸಂಸ್ಥೆಯ ಹೆಸರು ಮೂರು ಸಾಲು, ಪ್ರಾಯೋಜಕರದು ಒಂದು ಸಾಲು, ಸನ್ಮಾನಿತರ ಹೆಸರು ಎಲ್ಲೋ ಮೂಲೆಯಲ್ಲಿ. ಪ್ರಾಧ್ಯಾಪಕರ ಆನೆಗೆ ಇದರ ವಿರುದ್ಧ. ಮೇಲೆ ಏನನ್ನೂ ಬರೆಸಬೇಡಿ. ತಳದಲ್ಲಿ ಕಾಲೇಜಿನ ಹೆಸರು ಮತ್ತು ವರ್ಷದ ಒಂದು ಸಣ್ಣ ಚೀಟಿ ಸಾಕು. ಜಾಹೀರಾತಿಲ್ಲದ ವಸ್ತು ಮೇಜಿನ ಮೇಲೆ ಉಳಿಯುತ್ತದೆ. ಹೇಳಬೇಕಾದ್ದನ್ನು ಒಂದು ಕಾರ್ಡಿನಲ್ಲಿ ಕೈಯಿಂದ ಬರೆಯಿರಿ.

ಪದಗಳ ವಿಷಯದಲ್ಲಿ ಮತ್ತೆ ಮತ್ತೆ ಆಗುವ ತಪ್ಪುಗಳು ಇವು. "ಅಭಿನಂದನೆ" ಎನ್ನುವುದು ಏನನ್ನಾದರೂ ಸಾಧಿಸಿದವರಿಗೆ, ಬಂದು ಮಾತಾಡಿದವರಿಗೆ ಹೇಳಬೇಕಾದದ್ದು "ಕೃತಜ್ಞತೆ" ಅಥವಾ "ವಂದನೆ". ಅಜ್ಜಿಗೆ ಅಭಿನಂದನೆ, ಪ್ರಾಧ್ಯಾಪಕರಿಗೆ ಕೃತಜ್ಞತೆ. "ಅತಿಥಿ" ಎಂಬ ಪದದಲ್ಲಿ ಎರಡನೇ ಅಕ್ಷರ ಅಲ್ಪಪ್ರಾಣ, ಮೂರನೆಯದು ಮಹಾಪ್ರಾಣ. ಫ್ಲೆಕ್ಸು ಫಲಕಗಳಲ್ಲಿ ಅದು "ಅಥಿತಿ" ಆಗಿ ಬರುವುದನ್ನು ನೀವೂ ನೋಡಿರುತ್ತೀರಿ. ಡಾ. ಇದ್ದ ಮೇಲೆ ಅದರ ಹಿಂದೆ ಶ್ರೀ ಬೇಡ.

ಎಷ್ಟು ಬರೆಸಬಹುದು ಎನ್ನುವುದಕ್ಕೆ ಒಂದು ಲೆಕ್ಕ ಇದೆ. ಕನ್ನಡ ಅಕ್ಷರದ ಕೆಳಗೆ ಒತ್ತಕ್ಷರ ಬರುತ್ತದೆ, ಅದು ಮೂಲ ಅಕ್ಷರಕ್ಕಿಂತ ಚಿಕ್ಕದು. ಮೂಲ ಅಕ್ಷರ 5 ಮಿ.ಮೀ.ಗಿಂತ ಕಡಿಮೆಯಾದರೆ ಕೊರೆಯುವಾಗ ಒತ್ತಿನ ಸುಳಿ ತುಂಬಿಹೋಗಿ ಕಪ್ಪು ಚುಕ್ಕೆಯಾಗುತ್ತದೆ. ಅಕ್ಷರಕ್ಕೆ 5, ಒತ್ತಿಗೂ ಸಾಲಿನ ನಡುವಿನ ಜಾಗಕ್ಕೂ 4, ಒಟ್ಟು ಸಾಲಿಗೆ 9 ಮಿ.ಮೀ. ಎಂದಿಟ್ಟುಕೊಂಡರೆ 40 ಮಿ.ಮೀ. ಎತ್ತರದ ತಗಡಿನಲ್ಲಿ ಹಿಡಿಯುವುದು ನಾಲ್ಕೇ ಸಾಲು. ಹೆಸರು ದೊಡ್ಡದಾಗಬೇಕೆಂದರೆ ಮೂರು. ಅಧ್ಯಕ್ಷರಿಂದ ಖಜಾಂಚಿಯವರೆಗೆ ಎಲ್ಲರ ಹೆಸರು ಅಲ್ಲಿ ಹಿಡಿಯುವುದಿಲ್ಲ.

5. ಅಂಗಡಿಗೆ ಕೊಡುವಾಗ: ಅಕ್ಷರ ಒಡೆಯದಂತೆ ನೋಡಿಕೊಳ್ಳಿ

ಇಡೀ ಕೆಲಸದಲ್ಲಿ ಅತಿ ಹೆಚ್ಚು ಫಲಕಗಳು ಕೆಡುವುದು ಇಲ್ಲಿ. ನೀವು ಮೊಬೈಲಿನಲ್ಲಿ ಸರಿಯಾಗಿಯೇ ಬೆರಳಚ್ಚು ಮಾಡಿ ವಾಟ್ಸಾಪ್ ಕಳಿಸಿರುತ್ತೀರಿ. ಫಲಕ ಕೈಗೆ ಬಂದಾಗ "ವಾರ್ಷಿಕೋತ್ಸವ" ಎನ್ನುವುದು "ವಾರ್‌ಷಿಕೋತ್‌ಸವ" ಆಗಿರುತ್ತದೆ, "ಕೃತಜ್ಞತೆ" ಎನ್ನುವುದು "ಕೃತಜ್‌ಞತೆ" ಆಗಿರುತ್ತದೆ.

ಕಾರಣ ಇಷ್ಟು. ಮೊಬೈಲಿನ ಬರಹ ಯೂನಿಕೋಡ್, ಅಂದರೆ ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ. ಹಲವು ಅಂಗಡಿಗಳ ವಿನ್ಯಾಸ ತಂತ್ರಾಂಶ ಹಳೆಯ ಆವೃತ್ತಿಯದು, ಅದಕ್ಕೆ ಯೂನಿಕೋಡಿನ ಒತ್ತಕ್ಷರ, ಅರ್ಕಾವೊತ್ತುಗಳನ್ನು ಕೂಡಿಸಲು ಬರುವುದಿಲ್ಲ. ಹಾಗಾಗಿ ಅವರು ನುಡಿ ಮುಂತಾದ ಹಳೆಯ ಫಾಂಟುಗಳಲ್ಲಿ ಮತ್ತೆ ಬೆರಳಚ್ಚು ಮಾಡುತ್ತಾರೆ, ಆಗ ಕಣ್ತಪ್ಪಿನಿಂದ ಹೊಸ ತಪ್ಪು ನುಸುಳುತ್ತದೆ. ಅಥವಾ ನಿಮ್ಮದನ್ನೇ ಅಂಟಿಸುತ್ತಾರೆ, ಒತ್ತುಗಳು ಬಿಡಿಬಿಡಿಯಾಗುತ್ತವೆ.

ಪರಿಹಾರ: ಬರಹವನ್ನು ಎರಡು ರೂಪದಲ್ಲಿ ಕೊಡಿ. ಒಂದು, ಬೆರಳಚ್ಚು ಮಾಡಿದ ಪಠ್ಯ. ಇನ್ನೊಂದು, ಅದೇ ಪಠ್ಯದ ಚಿತ್ರ. ಮೊಬೈಲಿನ ಸ್ಕ್ರೀನ್‌ಶಾಟ್ ಆದರೂ ಸರಿ. ಹೋಲಿಸಿ ನೋಡಲು ಚಿತ್ರ ಬೇಕು, ಅದು ಒಡೆಯುವುದಿಲ್ಲ. ನಿಮ್ಮಲ್ಲೇ ಯಾರಿಗಾದರೂ ಕೋರೆಲ್‌ಡ್ರಾ ಬರುತ್ತಿದ್ದರೆ ಅಕ್ಷರಗಳನ್ನು ಆರಿಸಿ `Ctrl+Q` ಒತ್ತಿ, ಕರ್ವ್ಸ್ ಮಾಡಿ ಕಡತ ಕೊಡಿ. ಆಗ ಅಕ್ಷರಗಳು ಬರೀ ಗೆರೆಗಳ ಆಕಾರವಾಗುತ್ತವೆ, ಅಂಗಡಿಯ ಕಂಪ್ಯೂಟರಿನಲ್ಲಿ ಫಾಂಟು ಇಲ್ಲದಿದ್ದರೂ ಬದಲಾಗುವುದಿಲ್ಲ. ಹಾಗೆ ಮಾಡಿದ ಮೇಲೆ ತಿದ್ದಲು ಬರುವುದಿಲ್ಲ, ಆದ್ದರಿಂದ ಕರ್ವ್ಸ್ ಮಾಡದ ಪ್ರತಿಯೊಂದನ್ನು ಉಳಿಸಿಕೊಳ್ಳಿ.

ಕೊರೆಯುವ ಮೊದಲು ಕರಡು ಕೇಳಿ. ಅದನ್ನು ಬರೆದವರೇ ನೋಡಿದರೆ ತಪ್ಪು ಕಾಣುವುದಿಲ್ಲ, ಇರಬೇಕಾದ್ದನ್ನೇ ಕಣ್ಣು ಓದಿಕೊಳ್ಳುತ್ತದೆ. ಸಂಘದಲ್ಲಿ ಈ ಕೆಲಸಕ್ಕೆ ಕೈ ಹಾಕದ ಇಬ್ಬರು, ಒಬ್ಬರು ಗಟ್ಟಿಯಾಗಿ ಒಂದೊಂದೇ ಅಕ್ಷರ ಓದಲಿ, ಇನ್ನೊಬ್ಬರು ಅತಿಥಿ ಕಳಿಸಿದ ಮೂಲದ ಜೊತೆ ಹೋಲಿಸಲಿ. ದಿನಾಂಕವನ್ನೂ ವಾರವನ್ನೂ ಕ್ಯಾಲೆಂಡರಿನಲ್ಲಿ ನೋಡಿ.

ತಗಡಿನ ಬಗ್ಗೆ ಒಂದು ಮಾತು. ಅಕ್ರಿಲಿಕ್, ಮರ ಕತ್ತರಿಸುವ ಸಾಮಾನ್ಯ ಲೇಸರ್ ಯಂತ್ರ ಬರಿಯ ಹಿತ್ತಾಳೆಯನ್ನು ಕೊರೆಯುವುದಿಲ್ಲ, ಅದಕ್ಕೆ ಫೈಬರ್ ಲೇಸರ್ ಎಂಬ ಬೇರೆ ಯಂತ್ರ ಬೇಕು. ಹಾಗಾಗಿ "ಹಿತ್ತಾಳೆ" ಎಂದು ಕೊಡುವುದು ಎಷ್ಟೋ ಸಲ ಚಿನ್ನದ ಬಣ್ಣದ ಅಲ್ಯೂಮಿನಿಯಂ ಆಗಿರುತ್ತದೆ. ಬಾಳಿಕೆಗೆ ತೊಂದರೆ ಇಲ್ಲ, ಆದರೆ ಬೆಲೆ ಅದರದೇ ಇರಲಿ. ಬಿಲ್ಲನ್ನು ಕಾಲೇಜಿನ ಹೆಸರಿಗೆ ಬರೆಸಿಕೊಳ್ಳಿ. ನಾಲ್ಕು ದಿನ ಮೊದಲು ಫಲಕ ನಿಮ್ಮ ಕೈಯಲ್ಲಿರಬೇಕು. ತಪ್ಪಿದ್ದರೆ ತಗಡು ಮಾತ್ರ ಬದಲಿಸಲು ಆಗ ಸಮಯ ಇರುತ್ತದೆ.

6. ಆ ದಿನ: ವೇದಿಕೆಯಿಂದ ಗಾಡಿಯವರೆಗೆ

ಪ್ರತಿ ಪೆಟ್ಟಿಗೆಯ ಹಿಂದೆ ಪೆನ್ಸಿಲ್ಲಿನಲ್ಲಿ ಯಾರದೆಂದು ಬರೆದಿಡಿ. ಒಂದೇ ಬಗೆಯ ಕಾಗದ ಸುತ್ತಿದ ಮೂರು ಪೆಟ್ಟಿಗೆ ತಟ್ಟೆಯಲ್ಲಿ ಬಂದಾಗ ಅದಲುಬದಲಾಗುವುದು ಸಾಮಾನ್ಯ. ಹೆಸರಿರುವ ಫಲಕವನ್ನಂತೂ ಸುತ್ತದೆ ಹಾಗೆಯೇ ಕೊಡಿ, ಸಭೆಗೆ ಹೆಸರು ಕಾಣಬೇಕು. ಶಾಲು, ಹಾರ ಮಾತಿಗೆ ಮೊದಲು, ನೆನಪಿನ ಕಾಣಿಕೆ ಮಾತಾದ ಮೇಲೆ. ಮಹಿಳಾ ಅತಿಥಿಗಳಿಗೆ ಅರಿಶಿನ-ಕುಂಕುಮ ಇಟ್ಟು ಫಲತಾಂಬೂಲ ಕೊಡುವುದಾದರೆ ಒಬ್ಬರಿಗೆ ಕೊಟ್ಟು ಇನ್ನೊಬ್ಬರನ್ನು ಬಿಡುವ ಸಂದರ್ಭ ಬಾರದಿರಲಿ. ಎಲ್ಲರಿಗೂ ಒಂದೇ ಬಗೆಯ ತಟ್ಟೆ ಇರಲಿ.

ಗೌರವಧನ ಮತ್ತು ಪ್ರಯಾಣ ವೆಚ್ಚದ ಕವರನ್ನು ಕಾಣಿಕೆಯ ಪೆಟ್ಟಿಗೆಯೊಳಗೆ ಇಡಬೇಡಿ. ಅವರು ಪೆಟ್ಟಿಗೆ ತೆರೆಯುವುದು ವಾರ ಬಿಟ್ಟು ಇರಬಹುದು, ತೆರೆಯದೆ ಇನ್ನೊಬ್ಬರಿಗೆ ಕೊಟ್ಟುಬಿಡಲೂಬಹುದು. ಕವರು ಬೇರೆ, ವೇದಿಕೆ ಇಳಿದ ಮೇಲೆ, ಕೈಗೆ. ಕಾಣಿಕೆ ದೊಡ್ಡದಾಯಿತೆಂದು ಪ್ರಯಾಣ ವೆಚ್ಚ ಕಡಿತ ಮಾಡುವುದು ಖಂಡಿತ ಸಲ್ಲ. ಹಣ ಸಾಲದಿದ್ದರೆ ಕಾಣಿಕೆಯನ್ನೇ ಕೈಬಿಡಿ.

ಫೋಟೊ ಆದ ಕೂಡಲೇ ಒಬ್ಬ ವಿದ್ಯಾರ್ಥಿ ಕಾಣಿಕೆಗಳನ್ನು ಹಿಂದಕ್ಕೆ ಪಡೆದು, ಕೈ ಹಿಡಿಯಿರುವ ಗಟ್ಟಿ ಬಟ್ಟೆಯ ಚೀಲಕ್ಕೆ ಹಾಕಿ, ಗಾಡಿಯಲ್ಲಿಟ್ಟು ಬರಬೇಕು. ಈ ಕೆಲಸಕ್ಕೆ ಹೆಸರು ಹೇಳಿ ಒಬ್ಬರನ್ನು ನೇಮಿಸಿ. "ಯಾರಾದರೂ ಇಡ್ತಾರೆ" ಎಂದು ಬಿಟ್ಟದ್ದೇ ಮರುದಿನ ವೇದಿಕೆಯ ಕುರ್ಚಿಯ ಕೆಳಗೆ ಸಿಗುವುದು. ಕಲ್ಲಿನ ಆನೆಗೆ ಎರಡು ಸುತ್ತು ಗುಳ್ಳೆ ಪ್ಲಾಸ್ಟಿಕ್ ಸುತ್ತಿ, ಪೆಟ್ಟಿಗೆಯೊಳಗೆ ಅಲುಗಾಡದಂತೆ ಕಾಗದ ತುರುಕಿ. ಪೆಟ್ಟಿಗೆಯನ್ನು ಕಿವಿಯ ಬಳಿ ಅಲುಗಿಸಿ ನೋಡಿ, ಸದ್ದು ಬಂದರೆ ಇನ್ನೂ ಕಾಗದ ಬೇಕು.

ಅಜ್ಜಿಯನ್ನು ಫಲಕದ ಸಮೇತ ಮನೆಯವರೆಗೆ ಬಿಟ್ಟು ಬರಲು ಗಾಡಿ ಇರಲಿ. ಸಂಜೆಯ ಬಸ್ಸಿನ ನೂಕಾಟದಲ್ಲಿ ಅದನ್ನು ಹಿಡಿದು ನಿಲ್ಲುವುದು ಅವರಿಂದಾಗದು. ಹೋಗುವವರು ಒಂದು ಸುತ್ತಿಗೆ, ಎರಡು ಮೊಳೆ ಒಯ್ಯಲಿ. ವೇದಿಕೆಯ ಫೋಟೊವನ್ನು ಮೊಬೈಲಿಗೆ ಕಳಿಸಿದರೆ ಅವರಿಗೆ ಸಿಗುವುದಿಲ್ಲ. 8×10 ಅಂಗುಲದ ಒಂದು ಪ್ರತಿ ಅಚ್ಚು ಹಾಕಿಸಿ, ಚೌಕಟ್ಟು ಕಟ್ಟಿಸಿ, ಮುಂದಿನ ವಾರ ಅದೇ ಮನೆಗೆ ಹೋಗಿ ಕೊಟ್ಟು ಬನ್ನಿ.